ಟೆಂಪರೇಚರ್ ಮೀಟರಿನ ಮುಳ್ಳು ಕೆಳಗೆ ಬಿತ್ತು, ನಾನು ಗಾಡಿ ನಿಲ್ಲಿಸಿದೆ

ಎಂಟು ವರ್ಷ ಓಡಿಸಿರೋ ಗಾಡಿ ನಂದು. ಅಷ್ಟೂ ವರ್ಷ ಟೆಂಪರೇಚರ್ ಮೀಟರಿನ ಮುಳ್ಳು ಎಲ್ಲಿ ನಿಲ್ಲುತ್ತೆ ಅಂತ ಯಾರಾದ್ರೂ ಕೇಳಿದ್ರೆ "ಮಧ್ಯದಲ್ಲಿ" ಅಂತಿದ್ದೆ, ಸರಿಯಾಗಿ ನೋಡಿರ್ಲಿಲ್ಲ ಅಷ್ಟೇ. ನಿಜವಾಗಿ ಅದು ನಿಲ್ತಿದ್ದಿದ್ದು ಮಧ್ಯಕ್ಕಿಂತ ಒಂದು ಕೂದಲು ಕೆಳಗೆ. ಇದು ಗೊತ್ತಾಗಿದ್ದು ಒಂದಿನ ಟ್ರಾಫಿಕ್‌ನಲ್ಲಿ ನಿಂತಿದ್ದಾಗ ಪಕ್ಕದಲ್ಲಿ ಕೂತಿದ್ದ ತಮ್ಮ "ಏನೋ ಇದು, ಮುಳ್ಳು ಅರ್ಧ ದಾಟಿದೆ" ಅಂದಾಗ. ನೋಡಿದೆ, ಹೌದು, ಮುಳ್ಳಿನ ದಪ್ಪದಷ್ಟು ಮೇಲಿತ್ತು, ಜಾಸ್ತಿ ಏನಿಲ್ಲ. "ಬಿಸಿಲಿಗೆ ಹಾಗಾಗುತ್ತೆ ಬಿಡೋ" ಅಂದೆ. ಮುಂದೆ ರೋಡ್ ಖಾಲಿ ಸಿಕ್ತು, ಸ್ಪೀಡ್ ಹಿಡಿದ ಮೇಲೆ ವಾಪಸ್ ತನ್ನ ಜಾಗಕ್ಕೆ ಬಂತು, ನಾನೂ ಮರೆತೆ.

ಮರೀಬಾರ್ದಿತ್ತು. ಮುಳ್ಳಿನ ದಪ್ಪದಷ್ಟು ಅನ್ನೋದು ಈಗಿನ ಗಾಡೀಲಿ ಸಣ್ಣ ವಿಷಯ ಅಲ್ಲ ಅಂತ ಆವಾಗ ಗೊತ್ತಿರ್ಲಿಲ್ಲ.

ನಮ್ಮಪ್ಪನ ಹಳೇ ಗಾಡೀಲಿ ಮುಳ್ಳು ಸದಾ ಓಡಾಡ್ತಿತ್ತು. ಏರು ಹತ್ತಿದ್ರೆ ಮೇಲೆ, ಇಳಿದ್ರೆ ಕೆಳಗೆ, ಮಳೆ ಬಂದ್ರೆ ಇನ್ನೂ ಕೆಳಗೆ. ಅಪ್ಪ ಅದನ್ನ ನೋಡ್ಕೊಂಡೇ ಗೇರ್ ಬದಲಾಯಿಸ್ತಿದ್ರು. ಆ ಕಾಲದ ಮೀಟರ್ ಸೆನ್ಸಾರ್ ಹೇಳಿದ್ದನ್ನ ಹಾಗೇ ತೋರಿಸ್ತಿತ್ತು, ಐದು ಡಿಗ್ರಿ ಏರಿದ್ರೆ ಮುಳ್ಳೂ ಅಷ್ಟು ಏರ್ತಿತ್ತು. ಈಗಿನ ಬಹಳಷ್ಟು ಗಾಡಿಗಳಲ್ಲಿ ಹಾಗಿಲ್ಲ, ಮಧ್ಯದ ಜಾಗಕ್ಕೆ ಬಂದ ಮೇಲೆ ಮುಳ್ಳನ್ನ ಬೇಕಂತಲೇ ಅಲ್ಲೇ ಹಿಡಿದಿಡ್ತಾರೆ. ಯಾಕಂದ್ರೆ ಮುಳ್ಳು ಸ್ವಲ್ಪ ಅಲ್ಲಾಡಿದ್ರೂ ಜನ ಗಾಬರಿಯಾಗಿ ಸರ್ವಿಸ್‌ಗೆ ಓಡ್ತಾರೆ. ಕೇಳೋಕೆ ಒಳ್ಳೇದೇ, ಆದ್ರೆ ಇದರ ಅರ್ಥ ಏನಂದ್ರೆ ನಡುವಿನ ಜಾಗ ಅನ್ನೋದು ಒಂದು ಟೆಂಪರೇಚರ್ ಅಲ್ಲ, ಒಂದು ದೊಡ್ಡ ರೇಂಜ್.

ಇದನ್ನ ನಾನು ಕಣ್ಣಾರೆ ನೋಡಿದ್ದು ಸ್ಕ್ಯಾನರ್ ಹಾಕಿದಾಗ. ಸ್ಟೀರಿಂಗ್ ಕೆಳಗಿರೋ ಸಾಕೆಟ್‌ಗೆ ಚುಚ್ಚೋ ಸಣ್ಣ ಅಡಾಪ್ಟರ್ ಸಿಗುತ್ತಲ್ಲ, ಅದನ್ನ ಹಾಕಿ ಫೋನಲ್ಲಿ `Engine Coolant Temperature` ಅನ್ನೋ ಸಾಲು ತೆಗೆದು, ತಮ್ಮನ ಕೈಲಿ ಫೋನ್ ಕೊಟ್ಟು, ಬೆಳಗ್ಗೆ ತಣ್ಣಗಿರೋ ಇಂಜಿನ್ ಸ್ಟಾರ್ಟ್ ಮಾಡಿ ಹೊರಟೆ. ಸುಮಾರು 50 ಡಿಗ್ರಿ ತನಕ ಮುಳ್ಳು ತಣ್ಣನೆ ತುದಿಯ ಸಿ ಗುರುತು ಬಿಟ್ಟು ಏಳಲೇ ಇಲ್ಲ. ಆಮೇಲೆ ನಿಧಾನಕ್ಕೆ ಎದ್ದು 78ಕ್ಕೆ ತನ್ನ ಮಾಮೂಲಿ ಜಾಗಕ್ಕೆ ಬಂತು. ತಮ್ಮ ಓದ್ತಾ ಹೋದ, 85, 90, 94, ಮುಳ್ಳು ಅಲ್ಲೇ. ನಿಂತಲ್ಲೇ ಇಂಜಿನ್ ಓಡಿಸಿದ್ವಿ, 98ಕ್ಕೆ ಫ್ಯಾನ್ ಆನ್ ಆಯ್ತು, 92ಕ್ಕೆ ಇಳಿದು ಆಫ್ ಆಯ್ತು, ಮತ್ತೆ ಏರ್ತು, ಮತ್ತೆ ಫ್ಯಾನ್. ಇಷ್ಟೆಲ್ಲಾ ಆಟ ಒಳಗೆ ನಡೀತಿದ್ರೂ ಮುಳ್ಳು ಕಲ್ಲಿನ ಥರ ನಿಂತಿತ್ತು. ಅಂಕಿಗಳು ನನ್ನ ಗಾಡಿಯವು, ನಿಮ್ಮದರಲ್ಲಿ ಸ್ವಲ್ಪ ಬೇರೆ ಇರಬಹುದು, ಆದ್ರೆ ಕಥೆ ಇದೇ.

ಅಂದ್ರೆ ಅವತ್ತು ಟ್ರಾಫಿಕ್‌ನಲ್ಲಿ ಮುಳ್ಳು ಒಂದು ಚೂರು ಎದ್ದಿತ್ತಲ್ಲ, ಅಷ್ಟೊತ್ತಿಗೆ ಫ್ಯಾನ್ ಆನ್ ಆಗಬೇಕಾದ ಟೆಂಪರೇಚರನ್ನ ದಾಟಿ ಎಷ್ಟೋ ಮೇಲೆ ಹೋಗಿತ್ತು ಅಂತಾಯ್ತು. ಇದು ಹೊಳೆದಾಗ ಹೊಟ್ಟೇಲಿ ಒಂಥರಾ ಆಯ್ತು, ಸುಳ್ಳು ಹೇಳಲ್ಲ.

ಮುಂದಿನ ವಾರ ಪೂರ್ತಿ ರೋಡ್ ನೋಡಿದಷ್ಟೇ ಮುಳ್ಳೂ ನೋಡಿದೆ. ಮುಳ್ಳು ಏರ್ತಿದೆ ಅನ್ನೋದಕ್ಕಿಂತ ಯಾವಾಗ ಏರ್ತಿದೆ ಅನ್ನೋದು ಮುಖ್ಯ ಅಂತ ಮೆಕ್ಯಾನಿಕ್ ಹೇಳಿದ್ದ. ನಿಂತಾಗ ಏರಿ, ಓಡಿದಾಗ ಇಳಿದ್ರೆ ಮೊದಲು ಫ್ಯಾನ್ ಮೇಲೆ ಅನುಮಾನ, ಯಾಕಂದ್ರೆ ಓಡುವಾಗ ಗಾಳಿ ತಾನಾಗೇ ರೇಡಿಯೇಟರ್‌ಗೆ ಬಡಿಯುತ್ತೆ, ನಿಂತಾಗ ಫ್ಯಾನೇ ಗತಿ. ಅದೇ ಉಲ್ಟಾ, ಟ್ರಾಫಿಕ್‌ನಲ್ಲಿ ಸುಮ್ಮನಿದ್ದು, ಹೈವೇಲಿ ಸ್ಪೀಡ್ ಹಿಡಿದಾಗ ಅಥವಾ ಲೋಡ್ ಹಾಕ್ಕೊಂಡು ಏರು ಹತ್ತಿದಾಗ ಏರಿದ್ರೆ ಗಾಳಿ ಸಾಕಷ್ಟಿದೆ, ನೀರಿನ ಕಡೆ, ಅಂದ್ರೆ ಇಂಜಿನ್ ತಂಪು ಮಾಡೋ ಕೂಲೆಂಟ್ ಕಡೆ ತೊಂದರೆ ಅಂತ: ರೇಡಿಯೇಟರ್ ಒಳಗೆ ಕಟ್ಟಿಕೊಂಡಿರಬಹುದು, ಬಿಸಿ ಏರಿದಾಗ ಕೂಲೆಂಟ್‌ಗೆ ರೇಡಿಯೇಟರ್ ದಾರಿ ತೆಗೆಯೋ ಥರ್ಮೋಸ್ಟಾಟ್ ಪೂರ್ತಿ ತೆಗೀತಾ ಇಲ್ಲದಿರಬಹುದು, ಪಂಪ್ ತಳ್ಳೋ ಶಕ್ತಿ ಕಳ್ಕೊಂಡಿರಬಹುದು.

ನಂದು ನಿಂತಾಗ ಏರೋ ಜಾತಿ. ಸರಿ ಫ್ಯಾನೇ ಅಂದ್ಕೊಂಡು ಬಾನೆಟ್ ತೆಗೆದು ಎಸಿ ಹಾಕಿದೆ, ಫ್ಯಾನ್ ಭರ್ರ್ ಅಂತ ಓಡ್ತು. ಎಸಿ ಇಲ್ದೇ ಇಂಜಿನ್ ಬಿಸಿ ಆದ್ಮೇಲೂ ಓಡ್ತು. ಫ್ಯಾನ್ ನಿರಪರಾಧಿ. ಇಲ್ಲಿ ನಾನು ಎರಡು ದಿನ ದಾರಿ ತಪ್ಪಿದೆ, ರೇಡಿಯೇಟರ್ ಮುಂದಿನ ಕಸ ಧೂಳೆಲ್ಲಾ ತೊಳೆದೆ, ತೊಳೆದದ್ದೇನೂ ವೇಸ್ಟ್ ಅಲ್ಲ, ಆದ್ರೆ ಮುಳ್ಳಿಗೆ ಏನೂ ವ್ಯತ್ಯಾಸ ಆಗ್ಲಿಲ್ಲ.

ಸುಳಿವು ಸಿಕ್ಕಿದ್ದು ಹೀಟರ್‌ನಿಂದ. ಒಂದು ಚಳಿ ಬೆಳಗ್ಗೆ ಹೀಟರ್ ಹಾಕಿದ್ದೆ. ಓಡ್ತಾ ಇದ್ದಾಗ ಬಿಸಿ ಗಾಳಿ ಬರ್ತಿತ್ತು, ಸಿಗ್ನಲ್‌ನಲ್ಲಿ ನಿಂತ ತಕ್ಷಣ ತಣ್ಣಗಾಯ್ತು, ಆಕ್ಸಿಲರೇಟರ್ ಒತ್ತಿದ್ರೆ ಮತ್ತೆ ಬಿಸಿ. ಇದು ಕೂಲೆಂಟ್ ಕಮ್ಮಿ ಇದೆ ಅನ್ನೋದಕ್ಕೆ ಒಳ್ಳೇ ಗುರುತು. ಹೀಟರಿಗೂ ಅದೇ ಕೂಲೆಂಟ್ ಹೋಗೋದು, ಎಷ್ಟೋ ಗಾಡೀಲಿ ಆ ಪೈಪುಗಳು ಎತ್ತರದಲ್ಲಿ ಇರ್ತವೆ. ಕೂಲೆಂಟ್ ಇಳಿದ್ರೆ ಗಾಳಿ ಅಲ್ಲಿ ಸೇರಿಕೊಳ್ಳುತ್ತೆ, ಐಡ್ಲಿಂಗ್‌ನಲ್ಲಿ ಪಂಪ್ ನಿಧಾನ ತಿರುಗುವಾಗ ಅಷ್ಟೆತ್ತರಕ್ಕೆ ತಳ್ಳೋಕಾಗಲ್ಲ. ಇಂಜಿನ್ ತಣ್ಣಗಾದ್ಮೇಲೆ ಎಕ್ಸ್‌ಪ್ಯಾನ್ಶನ್ ಟ್ಯಾಂಕ್ ನೋಡಿದ್ರೆ ಕೂಲೆಂಟ್ ಮಿನಿಮಮ್ ಗೆರೆಗಿಂತ ಎರಡು ಬೆರಳು ಕೆಳಗೆ. ತುಂಬಿಸಿದೆ. ಮುಳ್ಳು ಸಾಧು ಆಯ್ತು. ರಿಪೇರಿ ಮಾಡಿದ ಖುಷಿ ನನಗೆ.

ಕೂಲೆಂಟ್ ಒಳಗಿದ್ದಷ್ಟು ಹೊತ್ತು ಆವಿ ಆಗಿ ಹೋಗಲ್ಲ, ಅದು ಸೀಲ್ ಆಗಿರೋ ಸಿಸ್ಟಮ್. ಕಮ್ಮಿ ಆಗಿದೆ ಅಂದ್ರೆ ಎಲ್ಲೋ ಹೋಗ್ತಿದೆ. ಇದನ್ನ ಯೋಚಿಸ್ಬೇಕಿತ್ತು. ಹತ್ತು ದಿನಕ್ಕೆ ಮತ್ತೆ ಅದೇ ಗೆರೆ ಕೆಳಗೆ. ಕೆಳಗೆ ನೆಲದ ಮೇಲೆ ಒಂದು ಹನಿ ಇಲ್ಲ, ಹಾಗಾಗಿ ಲೀಕ್ ಇಲ್ಲ ಅಂತ ನಾನೇ ತೀರ್ಪು ಕೊಟ್ಟುಕೊಂಡು ಮತ್ತೆ ತುಂಬಿಸಿ "ಭಾನುವಾರ ತೋರಿಸೋಣ" ಅಂದ್ಕೊಂಡೆ.

ಶನಿವಾರವೇ ಆಗೋಯ್ತು. ನಾನು, ತಮ್ಮ, ಹಿಂದೆ ತುಂಬಾ ಲಗೇಜು, ಉದ್ದ ಏರು ರಸ್ತೆ. ಅರ್ಧ ಹತ್ತಿದ್ವೋ ಇಲ್ವೋ ಮುಳ್ಳು ಮಧ್ಯ ಬಿಟ್ಟು ಹೊರಟಿತು, ಮುಕ್ಕಾಲಿಗೆ ಹತ್ರ ಬಂತು. ಎಸಿ ಆಫ್ ಮಾಡಿ ಹೀಟರ್ ಫುಲ್ ಬಿಸಿಗೆ ತಿರುಗಿಸಿದೆ. ಇದು ಹಳೇ ಉಪಾಯ, ಹೀಟರ್ ಕೂಡಾ ಒಂದು ಸಣ್ಣ ರೇಡಿಯೇಟರ್ರೇ, ಇಂಜಿನ್ನಿನ ಬಿಸಿಯನ್ನ ಒಳಗಡೆಗೆ ಎಳೆಯುತ್ತೆ. ಬೆವರು ಸುರಿದ್ರೂ ಗಾಡಿಗೆ ಉಪಕಾರ. ಆದ್ರೆ ಬಂದಿದ್ದು ತಣ್ಣನೆ ಗಾಳಿ. ಅದೇ ಹೊತ್ತಿಗೆ ಮುಳ್ಳು ತಟಕ್ಕಂತ ಕೆಳಗೆ ಬೀಳೋಕೆ ಶುರುವಾಯ್ತು, ಮುಕ್ಕಾಲಿಂದ ಅರ್ಧ, ಅರ್ಧದಿಂದ ಕಾಲು, ಎಲ್ಲಾ ಸೇರಿ ಅರ್ಧ ನಿಮಿಷವೂ ಇಲ್ಲ. ತಮ್ಮ ನಿಟ್ಟುಸಿರು ಬಿಟ್ಟು "ಸದ್ಯ, ಕೂಲ್ ಆಯ್ತು ನೋಡು, ನಡಿ" ಅಂದ.

ನಾನು ಸೈಡ್‌ಗೆ ಹಾಕಿ ಇಂಜಿನ್ ಆಫ್ ಮಾಡಿದೆ. ಇದೊಂದು ಕೆಲಸ ಮಾತ್ರ ನಾನು ಸರಿಯಾಗಿ ಮಾಡಿದ್ದು, ಅದೂ ಮೆಕ್ಯಾನಿಕ್ ಒಂದ್ಸಲ ಮಾತಿಗೆ ಹೇಳಿದ್ದು ನೆನಪಿತ್ತು ಅಂತ. ಪೂರ್ತಿ ಲೋಡ್‌ನಲ್ಲಿ ಏರು ಹತ್ತುತ್ತಾ ಇರೋ ಇಂಜಿನ್ ಅರ್ಧ ನಿಮಿಷದಲ್ಲಿ ತಣ್ಣಗಾಗೋಕೆ ಸಾಧ್ಯನೇ ಇಲ್ಲ. ಮುಳ್ಳು ಬಿದ್ದಿದ್ದು ಇಂಜಿನ್ ತಣ್ಣಗಾಗಿದ್ದಕ್ಕಲ್ಲ, ಸೆನ್ಸಾರ್‌ಗೆ ಮುಟ್ಟೋಕೆ ಕೂಲೆಂಟೇ ಇಲ್ಲ ಅಂತ. ಸೆನ್ಸಾರ್ ಅನ್ನೋದು ಕೂಲೆಂಟ್‌ನಲ್ಲಿ ಮುಳುಗಿರೋ ಒಂದು ಸಣ್ಣ ಮೊಳೆ ಥರದ್ದು, ತನ್ನ ಮೈಗೆ ತಾಗಿದ್ದನ್ನ ಮಾತ್ರ ಅಳೆಯುತ್ತೆ, ಇಂಜಿನ್ನಿನ ಕಬ್ಬಿಣ ಎಷ್ಟು ಸುಡ್ತಿದೆ ಅಂತ ಅದಕ್ಕೆ ಗೊತ್ತಿಲ್ಲ. ಕೂಲೆಂಟ್ ಇಳಿದು ಅದು ಗಾಳೀಲಿ ನೇತಾಡಿದ್ರೆ ಬಿಸಿ ಅದಕ್ಕೆ ಸರಿಯಾಗಿ ತಲುಪಲ್ಲ, ತಂಪು ಅಂತ ಹೇಳಿಬಿಡುತ್ತೆ. ಇನ್ನೂ ಕೆಟ್ಟದ್ದೇನಂದ್ರೆ ಎಷ್ಟೋ ಗಾಡೀಲಿ ಫ್ಯಾನ್ ಓಡಿಸೋದೂ, ಸ್ಕ್ಯಾನರ್‌ಗೆ ಅಂಕಿ ಕೊಡೋದೂ ಅದೇ ಸೆನ್ಸಾರ್. ಹಾಗಾಗಿ ಮುಳ್ಳು ಸುಳ್ಳು ಹೇಳಿದ್ರೆ ಫೋನಲ್ಲಿನ ಅಂಕಿಯೂ ಅದೇ ಸುಳ್ಳು, ಫ್ಯಾನೂ ಆಫ್ ಆಗಿಬಿಡಬಹುದು.

ಮೇಲೇರೋ ಮುಳ್ಳಿಗೆ ಎಲ್ಲರೂ ಹೆದರ್ತಾರೆ. ನನ್ನ ಕೇಳಿದ್ರೆ ಏರಿ ಆಮೇಲೆ ಕಾರಣ ಇಲ್ದೇ ಬೀಳೋ ಮುಳ್ಳು ಅದಕ್ಕಿಂತ ಭಯಂಕರ, ಯಾಕಂದ್ರೆ ಅದು ಓಡಿಸೋನಿಗೆ ಸಮಾಧಾನ ಹೇಳುತ್ತೆ. ಬಿಸಿ ತೋರಿಸೋ ಮೀಟರ್, ತಣ್ಣಗೆ ಬೀಸೋ ಹೀಟರ್, ಇವೆರಡೂ ಒಟ್ಟಿಗೆ ಬಂದ್ರೆ ಒಳಗೆ ಕೂಲೆಂಟ್ ಇಲ್ಲ ಅಂತಲೇ ಲೆಕ್ಕ.

ಬಾನೆಟ್ ಎತ್ತಿದಾಗ ಸಿಹಿ ಸಿಹಿ ವಾಸನೆ, ಕೂಲೆಂಟ್‌ನದ್ದು. ತಮ್ಮ ಬಟ್ಟೆ ಹಿಡ್ಕೊಂಡು ಕ್ಯಾಪ್ ತೆಗೆಯೋಕೆ ಹೋದ, ನಾನು ಕೂಗಿದ್ದಕ್ಕೆ ಕೈ ಹಿಂದೆ ತೊಗೊಂಡ. ಆ ಕ್ಯಾಪ್ ಸುಮ್ನೆ ಮುಚ್ಚಳ ಅಲ್ಲ, ಸುಮಾರು ಒಂದು ಬಾರ್ ಪ್ರೆಶರ್ ಹಿಡಿದಿಡುತ್ತೆ, ಆ ಪ್ರೆಶರ್‌ನಿಂದಲೇ ಒಳಗಿನ ನೀರು 100 ದಾಟಿ 120ರ ಹತ್ತಿರದವರೆಗೂ ಕುದಿಯದೇ ಇರೋದು. ತಿರುಗಿಸಿ ಪ್ರೆಶರ್ ಬಿಟ್ರೆ ಅಷ್ಟೂ ಒಂದೇ ಕ್ಷಣಕ್ಕೆ ಕುದ್ದು ಮುಖಕ್ಕೆ ಹಾರುತ್ತೆ. ಒಂದು ಗಂಟೆಗಿಂತ ಜಾಸ್ತಿ ಕಾದ್ವಿ. ಬಾಟಲಿ ನೀರು ಹುಯ್ಯೋಣ ಅಂದ ತಮ್ಮ, ಅದಕ್ಕೂ ಬೇಡ ಅಂದೆ, ಬರಿದಾಗಿ ಸುಡ್ತಿರೋ ಇಂಜಿನ್‌ಗೆ ತಣ್ಣೀರು ಬಿದ್ರೆ ಹೆಡ್ ಸೀಳಬಹುದು. ಕೊನೆಗೆ ಟೋಯಿಂಗ್ ಗಾಡಿಗೆ ಫೋನ್ ಮಾಡಿದೆ. ಓಡಿಸಿಕೊಂಡೇ ಹೋಗಬಹುದಿತ್ತೇನೋ ಅನ್ನೋ ಆಸೆ ಕೊನೇವರೆಗೂ ಇತ್ತು.

ಗ್ಯಾರೇಜಲ್ಲಿ ಮೆಕ್ಯಾನಿಕ್ ಮೊದಲು ಮಾಡಿದ್ದು ಪ್ರೆಶರ್ ಟೆಸ್ಟ್. ತಣ್ಣಗಿರೋ ಇಂಜಿನ್‌ಗೆ ಕೂಲೆಂಟ್ ತುಂಬಿಸಿ, ಕ್ಯಾಪ್ ಜಾಗಕ್ಕೆ ಸೈಕಲ್ ಪಂಪ್ ಥರದ್ದೊಂದು ಹಾಕಿ, ಒಂದು ಬಾರ್ ತನಕ ಗಾಳಿ ಒತ್ತಿ ಮೀಟರ್ ನೋಡ್ತಾ ಕೂತ. ಐದು ನಿಮಿಷದಲ್ಲಿ ಮೀಟರ್ ಇಳಿಯೋಕೆ ಶುರುವಾಯ್ತು. ಟಾರ್ಚ್ ಹಾಕಿ ಹುಡುಕಿದ್ರೆ ವಾಟರ್ ಪಂಪಿನ ಕೆಳಗಿರೋ ಸಣ್ಣ ತೂತಿಂದ ಹನಿ. ಆ ತೂತು ಇಟ್ಟಿರೋದೇ ಇದಕ್ಕೆ, ಪಂಪ್ ಒಳಗಿನ ಸೀಲ್ ಹೋದ್ರೆ ಹನಿ ಹೊರಗೆ ಬಂದು ಹೇಳಲಿ ಅಂತ. ಸುತ್ತಮುತ್ತ ಒಣಗಿದ ಪುಡಿ ಅಂಟಿತ್ತು. "ನೋಡಿ ಸರ್, ಬಿಸಿ ಇಂಜಿನ್ ಮೇಲೆ ಬಿದ್ದು ಅಲ್ಲೇ ಒಣಗಿದೆ, ನೆಲಕ್ಕೆ ಹನಿ ಬಂದ್ರೆ ತಾನೇ ನಿಮಗೆ ಕಾಣೋದು" ಅಂದ. ನನ್ನ ತೀರ್ಪು ಅಲ್ಲಿಗೆ ಮುಗೀತು.

ಆಮೇಲೆ ಹೆಡ್ ಗ್ಯಾಸ್ಕೆಟ್ ಭಯ, ಅಂದ್ರೆ ಇಂಜಿನ್ ಬ್ಲಾಕಿಗೂ ಮೇಲಿನ ಹೆಡ್‌ಗೂ ನಡುವೆ ಇರೋ ಸೀಲು ಹೋಗಿದ್ಯಾ ಅಂತ. ಕ್ಯಾಪ್ ಜಾಗದಲ್ಲಿ ನೀಲಿ ದ್ರವ ಇರೋ ಒಂದು ಗಾಜಿನ ಕೊಳವೆ ಇಟ್ಟು ಇಂಜಿನ್ ಓಡಿಸಿದ. ಸುಟ್ಟ ಗ್ಯಾಸ್ ಕೂಲೆಂಟ್ ಒಳಗೆ ನುಗ್ತಾ ಇದ್ರೆ ನೀಲಿ ಹಳದಿ ಆಗುತ್ತೆ. ನಾನು ಆ ಕೊಳವೆಯನ್ನ ಪರೀಕ್ಷೆ ರಿಸಲ್ಟ್ ನೋಡೋ ಹಾಗೆ ನೋಡ್ತಾ ನಿಂತೆ, ನೀಲಿ ನೀಲಿಯಾಗೇ ಉಳೀತು. "ಮುಳ್ಳು ಬಿದ್ಮೇಲೆ ಇನ್ನೂ ಐದಾರು ಕಿಲೋಮೀಟರ್ ಓಡಿಸಿದ್ರೆ ಈ ಬಣ್ಣ ಇರ್ತಿರ್ಲಿಲ್ಲ" ಅಂದ. ಪಂಪ್, ಥರ್ಮೋಸ್ಟಾಟ್, ಹೊಸ ಕೂಲೆಂಟ್, ಇಷ್ಟರಲ್ಲಿ ಮುಗೀತು.

ಮುಗೀತು ಅಂದ್ಕೊಂಡೆ. ಮಾರನೇ ದಿನ ಗಾಡಿ ತೊಗೊಂಡು ಹೊರಟು ಹತ್ತು ನಿಮಿಷ ಆಗಿಲ್ಲ, ಮುಳ್ಳು ಮಧ್ಯ ದಾಟಿ ಮುಕ್ಕಾಲಿನ ಕಡೆ ಹೊರಟಿತು. ಎದೆ ಧಸಕ್ ಅಂತು. ನಿಲ್ಲಿಸೋಕೆ ಜಾಗ ನೋಡುವಷ್ಟರಲ್ಲಿ ಧಡಕ್ ಅಂತ ವಾಪಸ್ ತನ್ನ ಜಾಗಕ್ಕೆ ಬಂದು ನಿಂತಿತು. ಇದೂ ಬೀಳೋ ಮುಳ್ಳೇ, ಆದ್ರೆ ಹಿಂದಿನ ಥರದ್ದಲ್ಲ, ಒಂದು ವ್ಯತ್ಯಾಸ ಗಮನಿಸಿ: ಅವತ್ತು ಮಾಮೂಲಿ ಜಾಗವನ್ನೂ ದಾಟಿ ತಣ್ಣನೆ ಕಡೆಗೆ ಬಿದ್ದಿತ್ತು, ಇವತ್ತು ಮಾಮೂಲಿ ಜಾಗಕ್ಕೆ ಬಂದು ನಿಂತಿತು, ಹೀಟರ್ ಕೂಡಾ ಬಿಸಿ ಬೀಸ್ತಿತ್ತು. ಹಾಗಂತ ಬಿಟ್ಟಿಲ್ಲ, ನೇರ ವಾಪಸ್ ಹೋದೆ.

ಒಳಗೆ ಗಾಳಿ ಉಳ್ಕೊಂಡಿತ್ತು. ಕೂಲೆಂಟ್ ಖಾಲಿ ಮಾಡಿ ತುಂಬಿದಾಗ ಅಲ್ಲಲ್ಲಿ ಗಾಳಿ ಗುಳ್ಳೆ ಸಿಕ್ಕಿಕೊಳ್ಳುತ್ತೆ. ಥರ್ಮೋಸ್ಟಾಟ್ ಹತ್ರ ಗುಳ್ಳೆ ಕೂತ್ರೆ ಅದಕ್ಕೆ ಬಿಸಿ ಕೂಲೆಂಟ್ ತಾಗಲ್ಲ, ತೆಗೆಯೋಕೆ ತಡ ಮಾಡುತ್ತೆ, ಅಷ್ಟರಲ್ಲಿ ಇಂಜಿನ್ ಬಿಸಿ ಏರುತ್ತೆ. ಕೊನೆಗೆ ಗುಳ್ಳೆ ಸರಿದು ಥರ್ಮೋಸ್ಟಾಟ್ ಒಮ್ಮೆಲೇ ತೆಗೆದಾಗ ರೇಡಿಯೇಟರ್‌ನ ತಣ್ಣನೆ ಕೂಲೆಂಟ್ ನುಗ್ಗಿ ಮುಳ್ಳು ಬೀಳುತ್ತೆ. ಮೆಕ್ಯಾನಿಕ್ ಇಂಜಿನ್ ತಣ್ಣಗಾಗೋಕೆ ಬಿಟ್ಟು, ಗಾಡಿ ಮೂತಿ ಎತ್ತರಕ್ಕೆ ನಿಲ್ಲಿಸಿ, ಹೀಟರ್ ಫುಲ್ ಬಿಸಿಗೆ ಇಟ್ಟು, ಮೇಲಿನ ಪೈಪಿನಲ್ಲಿರೋ ಏರ್ ಬಿಡೋ ಸ್ಕ್ರೂ ಸಡಿಲಿಸಿ ಕೂಲೆಂಟ್ ಹಾಕ್ತಾ ಹೋದ. ಮೊದಲು ಬುಳುಬುಳು ಗುಳ್ಳೆ, ಆಮೇಲೆ ಗುಳ್ಳೆ ಇಲ್ದೇ ಒಂದೇ ಧಾರೆ, ಆಗ ಸ್ಕ್ರೂ ಬಿಗಿ ಮಾಡಿದ. ಇಂಜಿನ್ ಓಡಿಸಿ ಫ್ಯಾನ್ ಎರಡು ಸಲ ಆನ್ ಆಫ್ ಆಗೋ ತನಕ ಕಾದು, ಪೂರ್ತಿ ತಣ್ಣಗಾದ್ಮೇಲೆ ಟ್ಯಾಂಕ್ ನೋಡಿದ್ರೆ ಮತ್ತೆ ಅರ್ಧ ಲೋಟದಷ್ಟು ಹಿಡೀತು. ಎಲ್ಲಾ ಗಾಡೀಲೂ ಆ ಸ್ಕ್ರೂ ಇರಲ್ಲ, ಕೆಲವು ತಾವೇ ಗಾಳಿ ಬಿಟ್ಟುಕೊಳ್ತವೆ.

ಈ ಗಲಾಟೆ ಆದ್ಮೇಲೆ ನನ್ನದು ಬೇರೆಯವರ ಗಾಡೀಲಿ ಕೂತ್ರೂ ಮೊದಲು ಮುಳ್ಳು ನೋಡೋ ಚಟ. ಅತ್ತೆ ಮಗನ ಗಾಡೀಲಿ ಮುಳ್ಳು ಯಾವತ್ತೂ ಅರ್ಧಕ್ಕೆ ಬರ್ತಿರ್ಲಿಲ್ಲ, ಟ್ರಾಫಿಕ್‌ನಲ್ಲಿ ಸ್ವಲ್ಪ ಏರಿ ಹೈವೇಲಿ ಕಾಲು ಭಾಗಕ್ಕೆ ಇಳೀತಿತ್ತು. ಅವನಿಗೆ ಹೆಮ್ಮೆ, "ನಮ್ಮ ಇಂಜಿನ್ ಎಷ್ಟು ಕೂಲ್ ನೋಡೋ". ಥರ್ಮೋಸ್ಟಾಟ್ ತೆರೆದೇ ಇರೋ ಸ್ಥಿತೀಲಿ ಸಿಕ್ಕಿಕೊಂಡಿತ್ತು ಅಷ್ಟೇ. ಗಾಡಿ ನಿಲ್ಲಲ್ಲ, ಸುಡಲ್ಲ, ಆದ್ರೆ ಇಂಜಿನ್ ಯಾವತ್ತೂ ಪೂರ್ತಿ ಬಿಸಿ ಆಗದೇ ಪೆಟ್ರೋಲ್ ಜಾಸ್ತಿ ಕುಡಿಯುತ್ತೆ. ಅವನದ್ದು ನಿಧಾನಕ್ಕೆ ಇಳಿಯೋದು, ದಿನಾ ಒಂದೇ ಥರ, ನಂದು ಬಿದ್ದ ಹಾಗೆ ತಟಕ್ಕಂತ ಅಲ್ಲ. ಹಾಗಾಗಿ ಅವನಿಗೆ ಹೆದರಿಸ್ಲಿಲ್ಲ, ಬಿಡುವಾದಾಗ ಬದಲಾಯಿಸು ಅಂದೆ.

ಇನ್ನು ಕೀ ತಿರುಗಿಸಿದ ತಕ್ಷಣ, ರಾತ್ರಿಯೆಲ್ಲಾ ನಿಂತಿರೋ ಗಾಡೀಲಿ ಮುಳ್ಳು ಸೀದಾ ಎಚ್‌ಗೆ ಹೋಗಿ ಹೊಡೆದ್ರೆ ಅದು ಬಿಸಿ ಅಲ್ಲ, ಗಾಡಿಯ ತಗಡಿಗೆ ತಾಗಿರೋ ವೈರ್ ಅಥವಾ ಸತ್ತ ಸೆನ್ಸಾರ್. ತಣ್ಣನೆ ಇಂಜಿನ್ ಬಿಸಿ ಆಗೋಕೆ ನಿಮಿಷಗಟ್ಟಲೆ ಬೇಕು, ಕರೆಂಟಿಗೆ ಬೇಡ. ಹಳೇ ಗಾಡೀಲಿ ಪೆಟ್ರೋಲ್ ಮುಳ್ಳೂ ಟೆಂಪರೇಚರ್ ಮುಳ್ಳೂ ಒಟ್ಟೊಟ್ಟಿಗೆ ಮೇಲೆ ಹೋದ್ರೆ ಮೀಟರ್ ಹಿಂದಿನ ವೋಲ್ಟೇಜ್ ಸ್ಟೆಬಿಲೈಸರ್ ಕೆಟ್ಟಿದೆ ಅಂತ, ಟ್ಯಾಂಕ್ ತಾನಾಗೇ ತುಂಬ್ಕೊಳ್ಳಲ್ಲವಲ್ಲ.

ರಿಪೇರಿ ಆದ ಹೊಸದರಲ್ಲಿ ಒಂದು ಸಲ ಸುಮ್ಮನೇ ಹೆದರಿದ್ದೂ ಇದೆ. ಅಂಗಡಿಗೆ ಹೋಗಿ ಹತ್ತು ನಿಮಿಷ ಬಿಟ್ಟು ವಾಪಸ್ ಬಂದು ಸ್ಟಾರ್ಟ್ ಮಾಡಿದ್ರೆ ಮುಳ್ಳು ಸ್ವಲ್ಪ ಮೇಲಿದೆ. ಇಂಜಿನ್ ಆಫ್ ಆದಾಗ ಪಂಪೂ ನಿಲ್ಲುತ್ತೆ, ಕಬ್ಬಿಣದಲ್ಲಿರೋ ಬಿಸಿ ನಿಂತ ಕೂಲೆಂಟ್‌ಗೆ ಇಳಿಯುತ್ತೆ, ಅದಕ್ಕೇ ಹಾಗೆ. ಹೊರಟು ಒಂದೆರಡು ನಿಮಿಷದಲ್ಲಿ ಇಳೀತು.

ಈಗ ಮೀಟರ್ ಗಾಜಿನ ಮೇಲೆ ಮುಳ್ಳಿನ ಮಾಮೂಲಿ ಜಾಗದಲ್ಲಿ ಸಣ್ಣ ಟೇಪ್ ಚೂರು ಅಂಟಿಸಿದ್ದೀನಿ, ನೋಡೋಕೆ ಅಸಹ್ಯ ಅಂತ ಮನೇಲಿ ಬೈಗುಳ. ಟ್ಯಾಂಕ್ ಮೇಲೂ ಪೆನ್ನಿನಲ್ಲಿ ಒಂದು ಗೆರೆ, ತಿಂಗಳಿಗೊಮ್ಮೆ ಬೆಳಗ್ಗೆ ತಣ್ಣಗಿದ್ದಾಗ ನೋಡ್ತೀನಿ. ನಾಲ್ಕು ತಿಂಗಳಾಯ್ತು, ಕೂಲೆಂಟ್ ಆ ಗೆರೆಯಲ್ಲೇ ಇದೆ, ಮುಳ್ಳು ಟೇಪ್ ಹಿಂದೆ ಅಡಗಿ ಕೂತಿದೆ. ತಮ್ಮ ಮಾತ್ರ ಗಾಡಿ ಹತ್ತಿದ ಕೂಡ್ಲೇ ಹೀಟರ್ ಹಾಕಿ ಕೈ ಇಟ್ಟು ನೋಡ್ತಾನೆ, ಬೇಸಿಗೆಯಲ್ಲೂ.